ಮೂರು ಗಂಟೆ ಮ್ಯಾಚು, ಒಂದೇ ಕ್ಯಾಮೆರಾ, ಆರು ನಿಮಿಷದ ಹೈಲೈಟ್ಸ್

ನಮ್ಮ ಏರಿಯಾ ಟೀಮು ಭಾನುವಾರ ಸರ್ಜಾಪುರ ರೋಡ್ ಕಡೆ ಬಾಡಿಗೆ ಗ್ರೌಂಡಲ್ಲಿ ಆಡಿದ ಒಂದು ಟ್ವೆಂಟಿ ಓವರ್ ಮ್ಯಾಚನ್ನ ಪೂರ್ತಿ ರೆಕಾರ್ಡ್ ಮಾಡಿದ್ವಿ, ಅದ್ರಿಂದ ಆರು ನಿಮಿಷದ ಹೈಲೈಟ್ಸ್ ಮಾಡೋ ಕೆಲಸ ನನ್ನ ತಲೆಗೆ ಬಂತು. ಕ್ಯಾಮೆರಾ ಒಂದೇ, ಸೈಟ್‌ಸ್ಕ್ರೀನ್ ಪಕ್ಕ ಇರೋ ಚಿಕ್ಕ ಕಟ್ಟಡದ ಮೇಲೆ ಟ್ರೈಪಾಡ್ ಹಾಕಿ, ಪವರ್ ಬ್ಯಾಂಕ್ ಚುಚ್ಚಿ, ಪಿಚ್ಚು ಫ್ರೇಮ್ ಮಧ್ಯ ಬರೋ ಹಾಗೆ ಇಟ್ಟಿದ್ದು, ಅಲ್ಲಾಡ್ಸಕ್ಕೆ ಯಾರೂ ಇರ್ಲಿಲ್ಲ. ಹನ್ನೊಂದು ಜನ ಸೇರಿಸೋದೇ ಕಷ್ಟ ಇರೋ ಟೀಮಲ್ಲಿ ಕ್ಯಾಮೆರಾಗೆ ಅಂತ ಒಬ್ಬನ್ನ ಎಲ್ಲಿಂದ ತರ್ತೀರಾ. ಫೋರ್‌ಕೆನಲ್ಲಿ, ಸೆಕೆಂಡಿಗೆ 30 ಫ್ರೇಮ್. ಬೌಂಡರಿಯ ಎರಡು ಪಕ್ಕ, ಅಂದ್ರೆ ಪಾಯಿಂಟ್ ಕಡೆ ಸ್ಕ್ವೇರ್ ಲೆಗ್ ಕಡೆ, ಫ್ರೇಮಿಂದ ಆಚೆ ಇದ್ವು. ಇದು ಆಮೇಲೆ ಎಷ್ಟೋ ನಿರ್ಧಾರಕ್ಕೆ ಕಾರಣ ಆಯ್ತು.

ಮ್ಯಾಚ್ ಹೇಗಿತ್ತು ಅಂತ ಮೊದ್ಲು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಅವರು ಮೊದ್ಲು ಬ್ಯಾಟ್ ಮಾಡಿ 8 ವಿಕೆಟ್‌ಗೆ 141. ನಾವು ಚೇಸ್ ಮಾಡಿ ಲಾಸ್ಟ್ ಬಾಲಲ್ಲಿ 142, ಎರಡು ವಿಕೆಟ್ ಉಳಿಸ್ಕೊಂಡು ಗೆದ್ವಿ. ಕಾಗದದ ಮೇಲೆ ನೋಡಿದ್ರೆ ಒಳ್ಳೇ ಮ್ಯಾಚು. ಕ್ಯಾಪ್ಟನ್ ಫೋನ್ ಮಾಡಿ ಹೇಳಿದ್ದು ಒಂದೇ ಮಾತು, "ಮಗಾ, ಫೋರು ಸಿಕ್ಸು ವಿಕೆಟ್ ಎಲ್ಲಾ ಹಾಕ್ಬಿಡು, ಕೊನೇಲಿ ಗೆದ್ದಿದ್ದು ಹಾಕು, ಮುಗೀತು." ತುಂಬಾ ಜನ ಹೈಲೈಟ್ಸ್ ಅಂದ್ರೆ ಅಷ್ಟೇ ಅಂದ್ಕೊಂಡಿರ್ತಾರೆ. ಹಾಗೆ ಮಾಡಿದ್ರೆ ಏನಾಗುತ್ತೆ ಅಂತ ಸ್ವಲ್ಪ ಆಮೇಲೆ ಹೇಳ್ತೀನಿ.

ಮೊದಲ್ನೇ ಕೆಲಸ ಎಡಿಟಿಂಗ್ ಅಲ್ಲ, ಯಾವ ಬಾಲು ಎಲ್ಲಿದೆ ಅಂತ ಕಂಡುಹಿಡಿಯೋದು. ಕ್ಯಾಮೆರಾ 4 ಜಿಬಿ ತುಂಬಿದ ತಕ್ಷಣ ಹೊಸ ಫೈಲ್ ಶುರು ಮಾಡ್ತಿತ್ತು, ಹಾಗಾಗಿ ಒಂಬತ್ತು ಹತ್ತು ನಿಮಿಷಕ್ಕೊಂದು ಫೈಲು, ಒಟ್ಟು 80 ಜಿಬಿ ಮೇಲೆ. ಬೌಲರ್ ಓಡಿ ಬರೋದು ಒಂದು ಫೈಲಲ್ಲಿ, ಬಾಲ್ ಬ್ಯಾಟಿಗೆ ತಾಗೋದು ಇನ್ನೊಂದು ಫೈಲಲ್ಲಿ ಅನ್ನೋ ಹಾಗೆ ಒಡೆದಿರುತ್ತೆ, ಅದಕ್ಕೆ ಎಲ್ಲಾನೂ ಮೊದ್ಲು ಒಂದೇ ಉದ್ದ ಫೈಲ್ ಮಾಡ್ಕೊಂಡೆ. ಒಂದೇ ಕ್ಯಾಮೆರಾ, ಒಂದೇ ಸೆಟ್ಟಿಂಗ್ ಆಗಿರೋದ್ರಿಂದ ಮತ್ತೆ ಎನ್‌ಕೋಡ್ ಮಾಡೋ ಅಗತ್ಯ ಇಲ್ಲ, ಸುಮ್ನೆ ಜೋಡಿಸಿದ್ರೆ ಸಾಕು. list.txt ಒಳಗೆ ಸಾಲಿಗೊಂದರಂತೆ file 'ಫೈಲ್ ಹೆಸರು' ಅಂತ ಬರೆದು, ffmpeg ಅನ್ನೋ ಟೂಲಿಗೆ ಹೀಗೆ ಕೊಡೋದು. ಎರಡನೇ ಸಾಲು ನೋಡಕ್ಕೆ ಅಂತ ಒಂದು ಹಗುರದ ಕಾಪಿ ಮಾಡುತ್ತೆ, ಯಾಕಂದ್ರೆ ನನ್ನ ಲ್ಯಾಪ್‌ಟಾಪು ಫೋರ್‌ಕೆನ ಹಿಂದೆ ಮುಂದೆ ಎಳೆದ್ರೆ ನಿಂತ್ಹೋಗುತ್ತೆ.

```
ffmpeg -f concat -safe 0 -i list.txt -c copy match.mp4
ffmpeg -i match.mp4 -vf scale=-2:540 -c:v libx264 -crf 28 -g 30 -c:a aac proxy.mp4
```

ಅಲ್ಲಿರೋ -g 30 ಅಂದ್ರೆ ಸೆಕೆಂಡಿಗೊಂದು ಕೀಫ್ರೇಮ್, ಅದಿದ್ರೆ ಟೈಮ್‌ಲೈನಲ್ಲಿ ಎಲ್ಲಿಗೆ ಬೇಕಾದ್ರೂ ಜಿಗಿದಾಗ ತಕ್ಷಣ ಚಿತ್ರ ಬರುತ್ತೆ, ತಡಬಡಾಯಿಸಲ್ಲ.

ಆಮೇಲೆ ಸ್ಪೀಡಲ್ಲಿ ಓಡಿಸ್ತಾ ಬರೀ ಓವರ್ ಶುರು ಆಗೋ ಜಾಗ ಗುರುತು ಹಾಕ್ಕೊಂಡೆ. ಎಡಿಟರಲ್ಲಿ L ಒತ್ತುತ್ತಾ ಹೋದ್ರೆ ಸ್ಪೀಡ್ ಜಾಸ್ತಿ ಆಗುತ್ತೆ, K ನಿಲ್ಲಿಸುತ್ತೆ, J ಹಿಂದಕ್ಕೆ. ಎಂಟು ಪಟ್ಟು ಸ್ಪೀಡಲ್ಲೂ ಓವರ್ ಮುಗಿದಿದ್ದು ಸಲೀಸಾಗಿ ಗೊತ್ತಾಗುತ್ತೆ, ಫೀಲ್ಡರ್‌ಗಳೆಲ್ಲಾ ಒಟ್ಟಿಗೆ ಜಾಗ ಬದಲಾಯಿಸ್ತಾರೆ, ಕೀಪರ್ ಆ ಕಡೆಯಿಂದ ಈ ಕಡೆಗೆ ನಡ್ಕೊಂಡು ಬರ್ತಾನೆ. ನಲವತ್ತು ಗುರುತು ಸಿಕ್ಕಿದ ಮೇಲೆ ಸ್ಕೋರ್‌ಶೀಟ್ ಪಕ್ಕದಲ್ಲಿಟ್ಕೊಂಡ್ರೆ "14ನೇ ಓವರ್ ಮೂರನೇ ಬಾಲ್" ಅಂದ್ರೆ ಅರ್ಧ ನಿಮಿಷದ ಹುಡುಕಾಟ ಅಷ್ಟೇ. ವೈಡು ನೋಬಾಲು ಇದ್ದ ಓವರಲ್ಲಿ ಎಣಿಕೆ ತಪ್ಪುತ್ತೆ, ಅಲ್ಲಿ ಮಾತ್ರ ನಿಧಾನ ನೋಡ್ಬೇಕು.

ಸೌಂಡ್ ವೇವ್‌ಫಾರ್ಮ್ ನೋಡಿ ಜೋರಾಗಿ ಎದ್ದಿರೋ ಜಾಗ ಹಿಡಿದ್ರೆ ಸಾಕಲ್ವಾ ಅಂತ ಕೆಲವರು ಹೇಳ್ತಾರೆ. ಸ್ಟೇಡಿಯಂಗೆ ಅದು ಸರಿ ಇರ್ಬೋದು, ನಮ್ಮೂರ ಬಾಡಿಗೆ ಗ್ರೌಂಡಿಗೆ ಆಗಲ್ಲ. ಪಕ್ಕದಲ್ಲೇ ನೆಟ್ ಆಚೆ ಇನ್ನೊಂದು ಮ್ಯಾಚ್ ನಡೀತಿರುತ್ತೆ, ಅವರ ವಿಕೆಟ್ ಬಿದ್ದಿದ್ದಕ್ಕೆ ನಮ್ಮ ವೇವ್‌ಫಾರ್ಮ್ ಏಳುತ್ತೆ. ಕ್ಯಾಮೆರಾ ಕೆಳಗೇ ನಮ್ಮ ಟೀಮ್ ಕೂತಿತ್ತು, ಬಿಸಿಬೇಳೆಬಾತ್ ಪೊಟ್ಣ ಬಂದಾಗ ಆದ ಗಲಾಟೆ ಸಿಕ್ಸಿಗಿಂತ ಎತ್ತರಕ್ಕೆ ಹೋಗಿದೆ. ಮುಖ್ಯ ವಿಷ್ಯ ಅಂದ್ರೆ, ಕ್ಯಾಚ್ ಬಿಟ್ಟಾಗ ಯಾರೂ ಕೂಗಲ್ಲ.

ಇಲ್ಲೇ ಅಸಲಿ ವಿಷ್ಯ ಇರೋದು. ನಮ್ಮ ಚೇಸಿನ 11ನೇ ಓವರಲ್ಲಿ ನಮ್ಮ ನಾಲ್ಕನೇ ನಂಬರ್ ಬ್ಯಾಟ್ಸ್‌ಮನ್ 9 ರನ್ನಲ್ಲಿದ್ದಾಗ ಮಿಡ್ ಆನ್ ಕೈಗೆ ನೇರವಾಗಿ ಕೊಟ್ಟ, ಅವನು ಬಿಟ್ಟ, ಇವರು ಒಂದು ರನ್ ಓಡಿದ್ರು. ಸ್ಕೋರಿಂಗ್ ಆಪಲ್ಲಿ ಆ ಬಾಲಿಗೆ ಇರೋದು ಬರೀ "1". ಸ್ಕೋರರ್ ಅಂಕಲ್ ಪುಸ್ತಕದಲ್ಲೂ ಬರೀ 1. ಆ ಹುಡುಗ ಕೊನೆಗೆ 47 ನಾಟೌಟ್, ಲಾಸ್ಟ್ ಬಾಲಿನ ರನ್ ಹೊಡೆದವನೂ ಅವನೇ. ಅಂದ್ರೆ ಇಡೀ ಮ್ಯಾಚಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ ಸ್ಕೋರ್‌ಶೀಟಲ್ಲಿ ಒಂದು ಸಿಂಗಲ್ ಆಗಿ ಕೂತಿದೆ. ಸ್ಕೋರ್‌ಶೀಟ್ ಹಿಡ್ಕೊಂಡು ಫೋರು ಸಿಕ್ಸು ವಿಕೆಟ್ ಕಟ್ ಮಾಡಿದ್ರೆ ಇದು ಬರೋದೇ ಇಲ್ಲ, ನೋಡೋರಿಗೆ ಅವನು ಹುಟ್ಟಿದಾಗಿಂದ ಔಟೇ ಆಗ್ದೇ ಇರೋ ಥರ ಆಡಿದ ಅನ್ಸುತ್ತೆ. ಹಾಗಾಗಿ ನಾನು ಪೂರ್ತಿ ಮ್ಯಾಚನ್ನ ಒಂದ್ಸಲ ಡಬಲ್ ಸ್ಪೀಡಲ್ಲಿ, ಬಾಲ್ ಹಾಕೋ ಹೊತ್ತಿಗೆ ನಾರ್ಮಲ್ ಸ್ಪೀಡಿಗೆ ಇಳಿಸಿ, ನೋಡಿದೆ. ಇದನ್ನ ಬಿಟ್ಟು ಬೇರೆ ದಾರಿ ಇಲ್ಲ. ಕ್ಯಾಚ್ ಬಿಟ್ಟಿದ್ದು, ರನೌಟ್ ಸ್ವಲ್ಪದ್ರಲ್ಲಿ ತಪ್ಪಿದ್ದು, ಬೌಂಡರಿ ಹತ್ರ ಬಿದ್ದು ಎರಡು ರನ್ ಉಳಿಸಿದ್ದು, ಇವೆಲ್ಲಾ ಕಣ್ಣಿಂದ ನೋಡಿದ್ರೇ ಸಿಗೋದು.

ನೋಡ್ತಾ ನೋಡ್ತಾ ಒಂದು ಶೀಟಲ್ಲಿ ಬರ್ಕೊಂಡೆ: ಟೈಮು, ಓವರ್ ಬಾಲು, ಆಗ ಸ್ಕೋರ್ ಎಷ್ಟು, ಏನಾಯ್ತು, ಮತ್ತೆ ಕೊನೇ ಕಾಲಂನಲ್ಲಿ "ಕಾಣ್ತಿದೆಯಾ". ಈ ಕೊನೇ ಕಾಲಂ ಒಂದೇ ಕ್ಯಾಮೆರಾ ಇರೋರಿಗೆ ಬೇಕೇ ಬೇಕು. ಅವತ್ತು ಮೋಡ ಕವಿದಿತ್ತು, ಆಡಿದ್ದು ಬಿಳಿ ಬಾಲು, ಮೇಲಕ್ಕೆ ಹೋದ ತಕ್ಷಣ ಆಕಾಶದ ಬಣ್ಣದಲ್ಲಿ ಬಾಲ್ ಮಾಯ. ಅವರ ಓಪನರ್ ಹೊಡೆದ ಅತಿ ಉದ್ದದ ಸಿಕ್ಸ್, ಎಲ್ಲರೂ ಮಾತಾಡ್ಕೊಳ್ತಿದ್ದ ಸಿಕ್ಸ್, ವಿಡಿಯೋದಲ್ಲಿ ಬ್ಯಾಟ್ ಬೀಸಿದ್ದು ಕಾಣುತ್ತೆ, ಆಮೇಲೆ ಏನೂ ಇಲ್ಲ. ಅಂಥ ಕಡೆ ನಾನು ಅಂಪೈರ್ ಎರಡು ಕೈ ಎತ್ತೋವರೆಗೂ ಕ್ಲಿಪ್ ಬಿಟ್ಟೆ, ಆ ಎರಡು ಸೆಕೆಂಡ್ ಇಲ್ಲಾಂದ್ರೆ ನೋಡೋನಿಗೆ ಕ್ಯಾಚಾ ಸಿಕ್ಸಾ ಗೊತ್ತಾಗಲ್ಲ. ಸ್ಕ್ವೇರ್ ಕಡೆ ಹೋದ ಫೋರ್‌ಗಳಲ್ಲಿ ಬಾಲು ಫ್ರೇಮಿಂದ ಹೊರಗೆ ಹೋಗ್ಬಿಡುತ್ತೆ, ಅವನ್ನ ಒಂದೆರಡು ಬಿಟ್ಟು ಎಲ್ಲಾ ತೆಗೆದೆ, ಎಷ್ಟೇ ಚೆನ್ನಾಗಿ ಹೊಡೆದಿದ್ರೂ. ಹುಡುಗರು ಬೇಜಾರ್ ಮಾಡ್ಕೊಂಡ್ರು. ಆದ್ರೆ ಕಾಣದೇ ಇರೋ ಫೋರು ನೋಡೋರಿಗೆ ಒಂದು ಸಿಂಗಲ್ ಥರಾನೇ.

ಫೋರ್‌ಕೆ ತೆಗೆದಿದ್ದು ಕೈ ಹಿಡಿದಿದ್ದು ಇಲ್ಲೇ. ಔಟ್‌ಪುಟ್ 1920x1080 ಸಾಕು, ಅಂದ್ರೆ ಚಿತ್ರ ಮಸುಕಾಗದೇ ಎರಡು ಪಟ್ಟು ಒಳಗೆ ಝೂಮ್ ಮಾಡ್ಬೋದು. ಲಾಂಗ್ ಆಫಲ್ಲಿ ನಮ್ಮವನು ಹಿಡಿದ ಕ್ಯಾಚಲ್ಲಿ ಬಾಲ್ ಕಾಣಲ್ಲ, ಆದ್ರೆ ಫೀಲ್ಡರ್ ಮೇಲೆ ಝೂಮ್ ಮಾಡಿದ್ರೆ ಅವನು ಹಿಂದಕ್ಕೆ ಸರಿಯೋದು, ನಿಲ್ಲೋದು, ಕೈ ಎದೆ ಹತ್ರ ತರೋದು, ಆಮೇಲೆ ಎಲ್ಲರೂ ಅವನ ಕಡೆ ಓಡೋದು ಕಾಣುತ್ತೆ. ಬಾಲ್ ಇಲ್ದೇನೇ ಕ್ಯಾಚ್ ಅರ್ಥ ಆಗುತ್ತೆ.

ಇನ್ನೊಂದು ವಿಷ್ಯ ಯಾರೂ ಹೇಳಿಕೊಡಲ್ಲ, ಅದು ಎರಡು ಎಂಡಿಂದು. ಕ್ಯಾಮೆರಾ ಒಂದೇ ಕಡೆ ಇರುತ್ತೆ, ಬೌಲಿಂಗ್ ಮಾತ್ರ ಓವರಿಗೊಂದ್ಸಲ ಎಂಡ್ ಬದಲಾಗುತ್ತೆ. ನಮ್ಮ ರೆಕಾರ್ಡಿಂಗಲ್ಲಿ ಬೆಸ ಓವರ್‌ಗಳು ಟೀವೀಲಿ ಬರೋ ಹಾಗೆ, ಬೌಲರ್ ಬೆನ್ನು, ಎದುರಿಗೆ ಬ್ಯಾಟ್ಸ್‌ಮನ್. ಸಮ ಓವರ್‌ಗಳಲ್ಲಿ ಉಲ್ಟಾ, ಕೀಪರ್ ಬೆನ್ನು ನಮ್ಮ ಕಡೆ, ಬೌಲರ್ ದೂರದಿಂದ ನಮ್ಮ ಕಡೆಗೇ ಓಡಿ ಬರ್ತಾನೆ. ಬಲಗೈ ಬ್ಯಾಟ್ಸ್‌ಮನ್ ಕವರ್ ಡ್ರೈವ್ ಹೊಡೆದ್ರೆ ಬೆಸ ಓವರಲ್ಲಿ ಬಾಲ್ ಸ್ಕ್ರೀನಿನ ಎಡಕ್ಕೆ ಹೋಗುತ್ತೆ, ಸಮ ಓವರಲ್ಲಿ ಬಲಕ್ಕೆ. ಅವರ ಓಪನರ್ ಹೊಡೆದ ಎರಡು ಕವರ್ ಡ್ರೈವನ್ನ ಪಕ್ಕ ಪಕ್ಕ ಇಟ್ಟಾಗ ನಮ್ಮ ಮನೇಲಿ ನೋಡಿದವರು "ಇವನು ಲೆಫ್ಟಿನಾ ರೈಟಾ" ಅಂತ ಕೇಳಿದ್ರು. ಅದು ಸರಿಯಾದ ಪ್ರಶ್ನೆನೇ. ಪ್ರತಿ ಕಟ್ಟಿಗೂ ಕಣ್ಣು ಮೈದಾನದ ಆ ತುದಿಯಿಂದ ಈ ತುದಿಗೆ ತಿರುಗ್ಬೇಕು, ಆರು ಸೆಕೆಂಡಿನ ಕ್ಲಿಪ್ಪಲ್ಲಿ ತಿರುಗೋ ಅಷ್ಟರಲ್ಲಿ ಬಾಲ್ ಹೋಗಿರುತ್ತೆ.

ಅದಕ್ಕೆ ಮೊದಲ್ನೇ ಇನ್ನಿಂಗ್ಸಿನ ಶುರುವಿನ ಫೋರ್‌ಗಳನ್ನ ಎಂಡ್ ಪ್ರಕಾರ ಗುಂಪು ಮಾಡ್ದೆ. ಬೆಸ ಓವರಿನವು ಮೂರು ಒಟ್ಟಿಗೆ, ಆಮೇಲೆ ಸಮ ಓವರಿನವು ಎರಡು. ಹೀಗೆ ಮಾಡಿದ್ರೆ 3ನೇ ಓವರಿಂದು, 7ನೇ ಓವರಿಂದು ಬಂದ ಮೇಲೆ 4ನೇ ಓವರಿಂದು ಬರುತ್ತೆ, ಆರ್ಡರ್ ಸ್ವಲ್ಪ ಹಿಂದೆ ಮುಂದೆ ಆಗುತ್ತೆ, ಹಾಗಾಗಿ ಅಷ್ಟು ಹೊತ್ತು ಸ್ಕ್ರೀನ್ ಮೇಲಿನ ಸ್ಕೋರ್ ಪಟ್ಟಿ ತೆಗೆದು ಕೊನೇಲಿ ಆ ಹೊತ್ತಿನ ಒಟ್ಟು ಸ್ಕೋರನ್ನ ಒಂದೇ ಸಲ ತೋರಿಸ್ದೆ. ಪಟ್ಟಿ ಇಟ್ಟಿದ್ರೆ ಸ್ಕೋರು 40 ಇದ್ದಿದ್ದು 25ಕ್ಕೆ ಇಳಿದ ಹಾಗೆ ಕಾಣ್ತಿತ್ತು. ಇಡೀ ರೀಲಲ್ಲಿ ಕ್ರಮ ಬದಲಾಯಿಸಿದ್ದು ಇದೊಂದೇ ಜಾಗ. ವಿಕೆಟ್ಟು, ಬಿಟ್ಟ ಕ್ಯಾಚು, ಚೇಸಿನ ಯಾವ ಬಾಲನ್ನೂ ಆ ಕಡೆ ಈ ಕಡೆ ಮಾಡ್ಲಿಲ್ಲ, ಮಾಡ್ಲೂಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬ ಫ್ರೆಂಡು ಸಿಕ್ಸಿಗೆ ನಮ್ಮ ಬೆಂಚು ಕುಣಿದಿದ್ದ ಶಬ್ದ ತಗೊಂಡು ಸಪ್ಪೆ ವಿಕೆಟ್ ಮೇಲೆ ಹಾಕು ಅಂದ, ಹಾಕ್ಲಿಲ್ಲ. ಆವತ್ತು ಅಲ್ಲಿದ್ದ ಇಪ್ಪತ್ತೆರಡು ಜನಕ್ಕೂ ಯಾವಾಗ ಯಾರು ಕೂಗಿದ್ರು ಅಂತ ಗೊತ್ತು.

ಸರಿ, ಆಯ್ಕೆಗೆ ಬರ್ತೀನಿ. ಮೊದಲ್ನೇ ಸಲ ಬೇಕು ಅನ್ಸಿದ್ದನ್ನೆಲ್ಲಾ ಸಾಲಾಗಿ ಇಟ್ಟಾಗ ಹದಿನಾಲ್ಕು ನಿಮಿಷ ಆಯ್ತು. ಆರಕ್ಕೆ ಇಳಿಸ್ಬೇಕು ಅಂದ್ರೆ ಒಂದೊಂದು ಕ್ಲಿಪ್ಪೂ ಸರಾಸರಿ ಎಂಟು ಒಂಬತ್ತು ಸೆಕೆಂಡ್ ಹಿಡಿದ್ರೆ ನಲವತ್ತು ಕ್ಲಿಪ್ಪಿಗೆ ಜಾಗ. ಆಗ ಪ್ರತಿ ಕ್ಲಿಪ್ಪಿಗೂ ಒಂದೇ ಪ್ರಶ್ನೆ ಕೇಳ್ಕೊಂಡೆ, ಇದನ್ನ ತೆಗೆದ್ರೆ ಮುಂದೆ ಬರೋದು ಅರ್ಥ ಆಗುತ್ತಾ ಇಲ್ವಾ. ಚೆನ್ನಾಗಿದೆಯಾ ಅಂತ ಕೇಳಿದ್ರೆ ಎಲ್ಲಾನೂ ಚೆನ್ನಾಗೇ ಇರುತ್ತೆ, ಏನೂ ತೆಗೆಯೋಕಾಗಲ್ಲ.

ಮೊದಲ್ನೇ ಇನ್ನಿಂಗ್ಸಲ್ಲಿ ಹಾಗೆ ನೋಡಿದ್ರೆ ಬೇಕಾಗಿದ್ದು ಎರಡೇ ವಿಷ್ಯ. ಒಂದು, ಅವರ ಓಪನರ್ ಚೆನ್ನಾಗಿ ಆಡಿ 52 ಹೊಡೆದಿದ್ದು, 13 ಓವರ್ ಮುಗಿದಾಗ 98ಕ್ಕೆ ಎರಡೇ ವಿಕೆಟ್. ಎರಡು, 14ನೇ ಓವರಲ್ಲಿ ಎರಡು ವಿಕೆಟ್ ಬಿದ್ದು 99ಕ್ಕೆ ನಾಲ್ಕು ಆಗಿದ್ದು. ಅಲ್ಲಿಂದ ಆರು ಓವರಲ್ಲಿ ಬರೀ 42 ಬಂತು. ಆ ಓವರ್ ಇಲ್ದಿದ್ರೆ ಅವರು 160 ದಾಟ್ತಿದ್ರು, ನಾವು ಗೆಲ್ತಿರ್ಲಿಲ್ಲ. ಹಾಗಾಗಿ 14ನೇ ಓವರಿಗೆ ಅರ್ಧ ನಿಮಿಷ ಕೊಟ್ಟೆ, ಎರಡು ವಿಕೆಟ್ ಮಧ್ಯ ಹೊಸ ಬ್ಯಾಟ್ಸ್‌ಮನ್ ಬೀಟ್ ಆದ ಒಂದು ಡಾಟ್ ಬಾಲನ್ನೂ ಸೇರಿಸಿ. ಆ ಡಾಟ್ ಬಾಲ್ ಇರೋದ್ರಿಂದ್ಲೇ ಎರಡನೇ ವಿಕೆಟ್ ಒತ್ತಡದಿಂದ ಬಿತ್ತು ಅಂತ ಗೊತ್ತಾಗೋದು. ಕೊನೇ ಓವರ್‌ಗಳಲ್ಲಿ ಕಣ್ಮುಚ್ಚಿ ಬೀಸಿ ಔಟಾದವರ ವಿಕೆಟ್‌ಗಳನ್ನ ಮೂರ್ಮೂರು ಸೆಕೆಂಡಿಗೆ ಇಳಿಸ್ದೆ. ಪೂರ್ತಿ ತೆಗೀಲಿಲ್ಲ, ಯಾಕಂದ್ರೆ ನಮ್ಮಂಥ ಟೀಮಲ್ಲಿ ಒಬ್ಬ ಬೌಲರಿಗೆ ವರ್ಷಕ್ಕೆ ಸಿಗೋದೇ ಹತ್ತು ವಿಕೆಟ್ಟು, ಅದು ರೀಲಲ್ಲಿ ಇರ್ಬೇಕು. ಒಟ್ಟು ಮೊದಲ್ನೇ ಇನ್ನಿಂಗ್ಸಿಗೆ ಎರಡು ನಿಮಿಷಕ್ಕಿಂತ ಕಮ್ಮಿ, ಚೇಸಿಗೆ ನಾಲ್ಕು ನಿಮಿಷ ಮೇಲೆ. ಅರ್ಧ ಅರ್ಧ ಹಂಚ್ಬೇಕು ಅನ್ನೋದು ಯಾವ ಕಾನೂನೂ ಅಲ್ಲ.

ಚೇಸಲ್ಲಿ ಪಟ್ಟಿ ಮೇಲೆ ಸ್ಕೋರ್ ಬರೀಲೇ ಇಲ್ಲ, "ಬೇಕು 38, ಬಾಲ್ 24" ಅಷ್ಟೇ, ದೊಡ್ಡ ಅಕ್ಷರದಲ್ಲಿ. ನೋಡೋನು ಫೋನಲ್ಲಿ ನೋಡ್ತಾನೆ, ಸಣ್ಣ ಅಕ್ಷರ ವಾಟ್ಸಾಪಿಂದ ದಾಟಿ ಬರೋ ಹೊತ್ತಿಗೆ ಕಲೆಸಿ ಹೋಗಿರುತ್ತೆ. 12 ಓವರಿಗೆ 78ಕ್ಕೆ ಮೂರು ಇದ್ವಿ, 16 ಓವರಿಗೆ 104ಕ್ಕೆ ಆರು. ಆ ನಾಲ್ಕು ಓವರಲ್ಲಿ ಎರಡು ಫೋರೂ ಬಂದಿದ್ವು, ಚೆನ್ನಾಗೂ ಕಾಣ್ತಿದ್ವು, ಆದ್ರೆ ತೆಗೆದೆ. ಮೂರು ವಿಕೆಟ್ಟನ್ನ ಒಂದಾದ್ಮೇಲೊಂದು, ಮಧ್ಯ ಏನೂ ಇಲ್ದೆ ಇಟ್ಟೆ, ಬರೀ ಬೇಕಾದ ರನ್ನು ಬಾಲು ಬದಲಾಗೋದು ಕಾಣೋ ಹಾಗೆ. ಫೋರ್ ಹಾಕಿದ್ದಿದ್ರೆ ಮ್ಯಾಚು ನಮ್ಮ ಕೈಲೇ ಇತ್ತು ಅನ್ನಿಸ್ತಿತ್ತು, ಅವತ್ತು ಅಲ್ಲಿ ಕೂತಿದ್ದ ಯಾರಿಗೂ ಹಾಗೆ ಅನ್ಸಿರ್ಲಿಲ್ಲ.

ಆ ಬಿಟ್ಟ ಕ್ಯಾಚು ಇದಕ್ಕೆ ಮುಂಚೆ ಬರುತ್ತೆ. ಅದಕ್ಕೆ ಹನ್ನೆರಡು ಸೆಕೆಂಡ್ ಕೊಟ್ಟೆ, ಬಾಲ್ ನೆಲಕ್ಕೆ ಬಿದ್ದ ಮೇಲೂ ಕಟ್ ಮಾಡ್ದೆ ಫೀಲ್ಡರ್ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ಲೋವರೆಗೂ ಬಿಟ್ಟೆ, ಬ್ಯಾಟ್ಸ್‌ಮನ್ ಹೆಲ್ಮೆಟ್ ಸರಿ ಮಾಡ್ಕೊಳ್ಳೋದು ಕಾಣುತ್ತೆ, ಕೆಳಗೆ ಅವನ ಹೆಸರು ಮತ್ತೆ "9" ಅಂತ ಬರುತ್ತೆ. ಆಮೇಲಿಂದ ಅವನು ಹೊಡೆದ ಪ್ರತಿ ದೊಡ್ಡ ಶಾಟಿಗೂ ಅವನ ರನ್ ಹಾಕ್ದೆ. ಯಾರಿಗೂ ಬಾಯ್ಬಿಟ್ಟು ಹೇಳೋ ಅಗತ್ಯ ಇಲ್ಲ, ಲೆಕ್ಕ ಅವರೇ ಹಾಕ್ಕೊಳ್ತಾರೆ. ಕ್ಯಾಚ್ ಬಿಟ್ಟ ಹುಡುಗ ಎದುರಾಳಿ ಟೀಮಿನವನು, ಅವನಿಗೆ ಬೇಜಾರಾಗ್ಬಾರ್ದು ಅಂತ ಅವನ ಮೇಲೆ ಝೂಮ್ ಮಾಡ್ಲಿಲ್ಲ, ಸ್ಲೋ ಮೋಷನೂ ಹಾಕ್ಲಿಲ್ಲ.

ಸ್ಲೋ ಮೋಷನ್ ಹೇಗೂ ಆಗ್ತಿರ್ಲಿಲ್ಲ. 30 ಫ್ರೇಮಲ್ಲಿ ತೆಗೆದಿದ್ದನ್ನ ಅರ್ಧ ಸ್ಪೀಡಿಗೆ ಇಳಿಸಿದ್ರೆ ಸೆಕೆಂಡಿಗೆ 15 ನಿಜವಾದ ಫ್ರೇಮ್ ಉಳಿಯುತ್ತೆ, ಬ್ಯಾಟು ಜಿಗಿದು ಜಿಗಿದು ಬರುತ್ತೆ. ರೀಪ್ಲೇ ಬೇಕು ಅಂದ ಕಡೆ ಅದೇ ಸ್ಪೀಡಲ್ಲಿ, ಎರಡು ಪಟ್ಟು ಝೂಮಲ್ಲಿ ಇನ್ನೊಂದ್ಸಲ ತೋರಿಸ್ದೆ, ಅದೂ ಎರಡೇ ಕಡೆ.

ಕ್ಲಿಪ್ ಎಲ್ಲಿ ಶುರು ಎಲ್ಲಿ ಮುಗೀಬೇಕು ಅನ್ನೋದು ಫ್ರೇಮ್ ಲೆಕ್ಕದ ಕೆಲಸ. ಫೋರ್ ಆದ್ರೆ ಬೌಲರ್ ಬಾಲ್ ಬಿಡೋಕೆ ಸುಮಾರು ಎರಡು ಸೆಕೆಂಡ್ ಮುಂಚೆ ಸಾಕು. ವಿಕೆಟ್ಟಾದ್ರೆ ರನ್‌ಅಪ್ ಪೂರ್ತಿ ಬೇಕು. ಇಲ್ಲಿ ಸೌಂಡ್ ಬಗ್ಗೆ ಒಂದು ಮಾತು. ನಮ್ಮ ಕ್ಯಾಮೆರಾದಿಂದ ದೂರದ ಎಂಡಿನ ಬ್ಯಾಟ್ಸ್‌ಮನ್ ಹೆಚ್ಚುಕಮ್ಮಿ 75 ಮೀಟರ್ ಇದ್ದ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಅಂದ್ರೆ ಬ್ಯಾಟಿನ ಟಕ್ ಅನ್ನೋದು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಬರುತ್ತೆ, ಆರು ಏಳು ಫ್ರೇಮು. ಝೂಮ್ ಮಾಡಿದಾಗ ಬ್ಯಾಟ್ಸ್‌ಮನ್ ಹತ್ರ ಇರೋ ಹಾಗೆ ಕಾಣ್ತಾನೆ, ಆದ್ರೆ ಶಬ್ದ ಹಿಂದೆ ಬೀಳುತ್ತೆ, ನೋಡೋನಿಗೆ ಯಾಕೆ ಅಂತ ಗೊತ್ತಾಗ್ದಿದ್ರೂ ಏನೋ ಸರಿ ಇಲ್ಲ ಅನ್ಸುತ್ತೆ. ಆಡಿಯೋ ಟ್ರ್ಯಾಕನ್ನ ಆರು ಫ್ರೇಮ್ ಬೇಗ ಬರೋ ಹಾಗೆ ಎಳೆದೆ, ಟಕ್ ಸರಿಯಾಗಿ ಬ್ಯಾಟ್ ಮೇಲೆ ಕೂತ್ಕೊಂಡ್ತು. ಹತ್ತಿರದ ಎಂಡಲ್ಲಿ ಬ್ಯಾಟ್ಸ್‌ಮನ್ 55 ಮೀಟರ್ ಹತ್ರ ಇರ್ತಾನೆ, ಅಲ್ಲಿಗೆ ಐದು ಫ್ರೇಮ್ ಸಾಕಾಯ್ತು. ಹೀಗೆ ಎಳೆದಾಗ ಕ್ಯಾಮೆರಾ ಕೆಳಗೆ ಕೂತೋರ ಕೂಗು ಸ್ವಲ್ಪ ಬೇಗ ಬರುತ್ತೆ, ಅದು ಯಾರಿಗೂ ತಿಳಿಯಲ್ಲ.

ಒಂದೇ ಕ್ಯಾಮೆರಾದಲ್ಲಿ ಇನ್ನೊಂದು ಕಾಟ ಅಂದ್ರೆ, ಎಲ್ಲಾ ಕ್ಲಿಪ್ಪೂ ಒಂದೇ ಫ್ರೇಮಿಂಗ್, ಒಂದರ ಪಕ್ಕ ಒಂದು ಇಟ್ರೆ ಆಟಗಾರರು ಟಕ್ ಟಕ್ ಅಂತ ಜಾಗ ಹಾರಿದ ಹಾಗೆ ಕಾಣುತ್ತೆ. ಒಂದು ಕ್ಲಿಪ್ಪನ್ನ ಪೂರ್ತಿ ಫ್ರೇಮಲ್ಲಿ, ಮುಂದಿನದನ್ನ ಸ್ವಲ್ಪ ಝೂಮಲ್ಲಿ ಶುರು ಮಾಡಿದ್ರೆ ಆ ಜಿಗಿತ ಹೋಗುತ್ತೆ. ಶಬ್ದಕ್ಕೆ, ಓವರ್ ಮಧ್ಯ ಮಾತಿಲ್ದೇ ಇರೋ ಒಂದು ಅರ್ಧ ನಿಮಿಷದ ಮೈದಾನದ ಸದ್ದು ತಗೊಂಡು ಎಲ್ಲದರ ಕೆಳಗೂ ಒಂದೇ ಸಮ ಹಾಸ್ದೆ, ಗಾಳಿ, ಹದ್ದು, ದೂರದ ಲಾರಿ ಎಲ್ಲಾ ಇರೋದು. ಕಟ್ ಆದಾಗ ಶಬ್ದ ಒಡೆಯಲ್ಲ.

ಲಾಸ್ಟ್ ಓವರಿಗೆ ಬಂದ್ರೆ, 9 ರನ್ ಬೇಕು ಆರು ಬಾಲಿಗೆ. 17ನೇ ಓವರಿಂದ 11, 18ರಲ್ಲಿ ಬರೀ 5 ಮತ್ತೆ ಒಂದು ವಿಕೆಟ್ಟು, 19ರಲ್ಲಿ 13, ಇವಿಷ್ಟನ್ನ ಐದಾರು ಕ್ಲಿಪ್ಪಲ್ಲಿ ಮುಗಿಸಿ, ಕೊನೇ ಓವರಿನ ಆರೂ ಬಾಲ್ ಇಟ್ಟೆ. ಒಂದಕ್ಕೆ ಹನ್ನೆರಡು ಸೆಕೆಂಡ್, ಒಟ್ಟು ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಸಿಂಗಲ್, ಆಮೇಲೆ ಡಾಟ್, ಆಮೇಲೆ ಕೊನೇ ಕಡೆ ಬ್ಯಾಟ್ಸ್‌ಮನ್ ಬ್ಯಾಟಿನ ಎಡ್ಜ್ ತಾಗಿ ಕೀಪರ್ ಪಕ್ಕದಿಂದ ಫೋರ್, ಸಮ ಓವರ್ ಆಗಿರೋದ್ರಿಂದ ಬಾಲ್ ಸೀದಾ ಕ್ಯಾಮೆರಾ ಕಡೆಗೇ ಉರುಳಿ ಬರುತ್ತೆ, ಇಡೀ ಮ್ಯಾಚಲ್ಲಿ ಪೂರ್ತಿ ಕಂಡ ಒಂದೇ ಫೋರ್ ಅದು. ಕ್ಯಾಪ್ಟನ್ ಡಾಟ್ ಬಾಲ್ ಯಾಕೆ ಅಂದ. 8 ಬೇಕು 5 ಬಾಲು ಇದ್ದಿದ್ದು 8 ಬೇಕು 4 ಬಾಲು ಆಗಿದ್ದು ಕಣ್ಣಿಗೆ ಕಾಣ್ದಿದ್ರೆ ಆ ಎಡ್ಜಿಗೆ ನಮ್ಮ ಬೆಂಚು ಯಾಕೆ ಹಾಗೆ ಹುಚ್ಚೆದ್ದು ಕುಣೀತು ಅಂತ ಹೊರಗಿನವರಿಗೆ ಹೇಗೆ ಗೊತ್ತಾಗ್ಬೇಕು? ಬಾಲ್ ಮಧ್ಯ ಮಧ್ಯ ಎರಡು ಸೆಕೆಂಡ್ ಫೀಲ್ಡ್ ಹೊಂದಿಸೋದು, ಇಬ್ಬರು ಬ್ಯಾಟ್ಸ್‌ಮನ್ ಮಧ್ಯಕ್ಕೆ ಬಂದು ಮಾತಾಡೋದು ಬಿಟ್ಟಿದ್ದೀನಿ. ಮ್ಯೂಸಿಕ್ ಇಲ್ಲ.

ನಾಲ್ಕನೇ ಬಾಲು ರನೌಟ್. ಬಾಲ್ ಬ್ಯಾಟಿಗೆ ಸಿಗ್ದೆ ಕೀಪರ್ ಕೈಗೆ ಹೋಯ್ತು, ಆದ್ರೂ ಓಡಿದ್ರು, ಕೀಪರ್ ಬೌಲರಿಗೆ ಎಸೆದ, ದೂರದ ಎಂಡಲ್ಲಿ ಬೇಲ್ಸ್ ಹಾರ್ತು. ಸೆಟ್ ಆಗಿದ್ದ ನಮ್ಮ ಹುಡುಗ ಈ ಎಂಡಿಗೆ ಬಂದು ಸ್ಟ್ರೈಕಿಗೆ ಸಿಕ್ಕಿದ, ಅದೇ ನಮಗೆ ಉಳಿದಿದ್ದು. ಗ್ರೂಪಲ್ಲಿ ಎಲ್ಲರೂ "ಅದು ನಾಟೌಟು, ಫ್ರೇಮ್ ಫ್ರೇಮ್ ನೋಡಿ ಹಾಕು" ಅಂತ ಹಿಡ್ಕೊಂಡ್ರು. ನೋಡಿದೆ. ಬೌಲರ್ ಮೈ ಸ್ಟಂಪ್ಸಿಗೆ ಅಡ್ಡ ಇದೆ, ಅದು ಒಂದು. ಎರಡನೇದು, ಒಂದು ಫ್ರೇಮಿಗೂ ಇನ್ನೊಂದಕ್ಕೂ ಸೆಕೆಂಡಿನ ಮೂವತ್ತನೇ ಒಂದು ಭಾಗ ವ್ಯತ್ಯಾಸ, ಸೆಕೆಂಡಿಗೆ ಆರು ಮೀಟರ್ ಓಡೋನು ಅಷ್ಟರಲ್ಲಿ 20 ಸೆಂಟಿಮೀಟರ್ ಹೋಗಿರ್ತಾನೆ. ಒಂದು ಫ್ರೇಮಲ್ಲಿ ಬ್ಯಾಟ್ ಕ್ರೀಸಿಂದ ಹೊರಗೆ, ಮುಂದಿನ ಫ್ರೇಮಲ್ಲಿ ಒಳಗೆ, ಬೇಲ್ಸ್ ಎದ್ದಿದ್ದು ಆ ಮಧ್ಯ ಎಲ್ಲೋ. ಈ ವಿಡಿಯೋದಿಂದ ಅದನ್ನ ತೀರ್ಮಾನ ಮಾಡಕ್ಕೆ ಆಗೋದೇ ಇಲ್ಲ, ಅಂಪೈರ್ ಹತ್ತು ಮೀಟರಿಂದ ನೋಡಿ ಕೈ ಎತ್ತಿದ್ದಾರೆ. ಅದಕ್ಕೆ ಆ ಬಾಲಿಗೆ ರೀಪ್ಲೇ ಹಾಕ್ಲಿಲ್ಲ, ಒಂದೇ ಸಲ, ಪೂರ್ತಿ ಫ್ರೇಮಲ್ಲಿ. ಸ್ಕೋರರ್ ಅಂಕಲ್ ನೋಡಿ "ಸರಿ ಮಾಡ್ದೆ ನೋಡಪ್ಪಾ, ಮತ್ತೆ ಜಗಳ ಬೇಡ" ಅಂದ್ರು.

ಐದನೇ ಬಾಲಿಗೆ ಎರಡು, ಆರನೇ ಬಾಲಿಗೆ ಎರಡು. ಕೊನೇ ಬಾಲನ್ನ ರೀಲಿನ ಶುರುವಲ್ಲೇ ಒಂದು ತುಣುಕು ಹಾಕು, ಜನ ಕೂತು ನೋಡ್ತಾರೆ ಅಂತ ಇಬ್ಬರು ಹೇಳಿದ್ರು. ಹಾಕ್ಲಿಲ್ಲ. ಗೆದ್ದಿದ್ದು ಮೊದ್ಲೇ ಗೊತ್ತಾದ್ರೆ "ಬೇಕು ಇಷ್ಟು, ಬಾಲ್ ಇಷ್ಟು" ಅಂತ ಕಷ್ಟಪಟ್ಟು ಹಾಕಿದ ಪಟ್ಟಿಗೆಲ್ಲಾ ಬೆಲೆ ಇಲ್ಲ. ಶುರು ಮಾಡಿದ್ದು ಟಾಸಿಂದಲೂ ಅಲ್ಲ, ಅವರ ಓಪನರಿನ ಮೊದಲ್ನೇ ಫೋರಿಂದ.

ಫೈಲನ್ನ ಗ್ರೂಪಿಗೆ ಡಾಕ್ಯುಮೆಂಟ್ ಆಗಿ ಕಳಿಸ್ದೆ, ವಿಡಿಯೋ ಆಗಿ ಕಳಿಸಿದ್ರೆ ಕಂಪ್ರೆಸ್ ಆಗಿ ಬಾಲು ಪೂರ್ತಿ ಮಾಯ ಆಗುತ್ತೆ. ಎದುರಾಳಿ ಕ್ಯಾಪ್ಟನ್ ಫೋನ್ ಮಾಡಿ ಅವರ ಓಪನರಿನ 52 ಮಾತ್ರ ಬೇರೆ ಕಟ್ ಮಾಡಿ ಕೊಡಕ್ಕಾಗುತ್ತಾ ಅಂತ ಕೇಳಿದ್ರು. ಶೀಟಲ್ಲಿ ಟೈಮ್ ಎಲ್ಲಾ ಇದ್ದಿದ್ರಿಂದ ಹುಡುಕೋ ಕೆಲಸ ಇರ್ಲಿಲ್ಲ, ಅದರಲ್ಲಿ ಸ್ಕ್ವೇರ್ ಕಡೆ ಹೋದ ಫೋರ್‌ಗಳನ್ನೂ ಸೇರಿಸ್ದೆ, ಅವನು ಹೊಡೆದಿದ್ದು ಅವನಿಗೆ ಗೊತ್ತಲ್ಲ, ಬಾಲ್ ಕಾಣ್ದಿದ್ರೂ ನಡೆಯುತ್ತೆ. ಮುಂದಿನ ಮ್ಯಾಚಿಗೆ ಕ್ಯಾಮೆರಾನ 60 ಫ್ರೇಮಿಗೆ ಹಾಕಿ, ಇನ್ನೂ ಸ್ವಲ್ಪ ಮೇಲಿಂದ, ಸ್ವಲ್ಪ ಅಗಲ ಫ್ರೇಮಲ್ಲಿ ಇಡ್ಬೇಕು ಅಂತ ಹೇಳಿದ್ದೀನಿ, ಮತ್ತೆ ಕ್ಯಾಚ್ ಬಿಟ್ಟಾಗೆಲ್ಲಾ ಪುಸ್ತಕದಲ್ಲಿ ಆ ಬಾಲಿನ ಪಕ್ಕ ಒಂದು ಸಣ್ಣ ಗುರುತು ಹಾಕಿ ಅಂತ ಅಂಕಲ್‌ಗೆ ಕೇಳ್ಕೊಂಡಿದ್ದೀನಿ, ಆಯ್ತು ಅಂದಿದ್ದಾರೆ.